ಪರದೆಯ ಆಚೆಯ ನಗು

ನಮ್ಮ ಮನೆಯಲ್ಲಿ ಭಾರತಿ ಇರುವಾಗ ಯಾರೂ 'ಐದು ನಿಮಿಷ' ಎನ್ನುವ ಹಾಗಿಲ್ಲ. ಅಂದರೆ ನಗುತ್ತಾಳೆ. ಮುಗುಳ್ನಗೆಯಲ್ಲ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಗುವಂಥ ನಗು. ಮೊನ್ನೆ ಭಾನುವಾರವೂ ಹಾಗೇ ಆಯಿತು. ನನ್ನ ಹೆಂಡತಿ ಲತಾ ಅಡಿಗೆಮನೆಯಲ್ಲಿ ತೆಳ್ಳನೆಯ ದೋಸೆ ಹೊಯ್ಯುತ್ತ, "ಐದು ನಿಮಿಷ ತಡಿ, ತೆಳ್ಳೇವು ಆಗೋತು" ಎಂದಳು. ಭಾರತಿ ಆಗಷ್ಟೇ ಮಜ್ಜಿಗೆ ಬಾಯಿಗಿಟ್ಟಿದ್ದಳು. ಮಜ್ಜಿಗೆ ಮೂಗಿಗೇರಿತು. ಲತಾ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು, ತನ್ನ ಕೈ ಅಷ್ಟು ನಿಧಾನವೇ ಎಂದು ನನ್ನನ್ನು ವಿಚಾರಿಸಿಕೊಂಡಳು. ನನ್ನ ತಂಗಿಯ ನಗುವಿಗೆಲ್ಲ ಉತ್ತರ ಹೇಳುವ ಜವಾಬ್ದಾರಿ ಮದುವೆಯಾದಂದಿನಿಂದಲೂ ನನ್ನದೇ.

ಭಾರತಿ ಅರಿವಳಿಕೆ ಡಾಕ್ಟರು. ಶಿರಸಿಯಲ್ಲೇ ಇರುತ್ತಾಳಾದರೂ ಸಿದ್ದಾಪುರದಲ್ಲೊಂದು ಹೆರಿಗೆ ಕಷ್ಟವಾದರೆ, ಯಲ್ಲಾಪುರದಲ್ಲೊಬ್ಬರ ಕರುಳು ಸಿಕ್ಕಿಕೊಂಡರೆ ಕಾರು ಹತ್ತಿ ಹೊರಡುತ್ತಾಳೆ. ಆಪರೇಷನ್ ಮಾಡಿದ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಇವಳದು ಯಾರಿಗೂ ಗೊತ್ತಿರುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದವರನ್ನೇ ಇವಳು ಮಲಗಿಸಿಬಿಟ್ಟಿರುತ್ತಾಳೆ. "ಇಂಜೆಕ್ಷನ್ ಕೊಟ್ಟಾದ ಮೇಲೆ ನೀವು ಮನೆಗೆ ಹೋಗ್ತೀರಾ ಮೇಡಂ?" ಎಂದು ಉಮ್ಮಚಗಿ ಕಡೆಯ ಅಜ್ಜಿಯೊಬ್ಬರು ಬಲು ಅಂತಃಕರಣದಿಂದ ಕೇಳಿದ್ದರಂತೆ. ಇದನ್ನು ಭಾರತಿ ತನ್ನಂಥದೇ ಇನ್ನೊಬ್ಬ ಡಾಕ್ಟರಿಗೆ ಫೋನಿನಲ್ಲಿ ಹೇಳಿ ಇಬ್ಬರೂ ಬಿದ್ದುಬಿದ್ದು ನಕ್ಕದ್ದನ್ನು ನಾನು ಕೇಳಿದ್ದೇನೆ. ಅಜ್ಜಿ ಕೇಳಿದ್ದರಲ್ಲಿ ತಪ್ಪೇನು ಎಂದು ನನಗೆ ಆಗ ಹೊಳೆದಿರಲಿಲ್ಲ. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ನಿದ್ದೆ ಬರಿಸಿದ ಮೇಲೆ ಅಲ್ಲಿ ಇನ್ನೇನು ಕೆಲಸ?

ಈ ಐದು ನಿಮಿಷದ ಕಥೆಯನ್ನು ಕೆಲವು ವರ್ಷಗಳ ಹಿಂದೆ ಅವಳಿಂದ ಹೊರಡಿಸಲು ನಾನು ಬಹಳ ಕಷ್ಟಪಡಬೇಕಾಯಿತು. ಆಪರೇಷನ್ ಮುಗಿಯುತ್ತ ಬಂದಾಗ ಅರಿವಳಿಕೆಯವರು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಾರೆ. ಸರ್ಜನ್ ಐದು ನಿಮಿಷ ಎನ್ನುತ್ತಾರೆ. ಭೂಮಿಯ ಮೇಲಿನ ಎಲ್ಲ ಸರ್ಜನ್ನರೂ ಹಾಗೇ ಅನ್ನುತ್ತಾರಂತೆ. ಅದು ಅರ್ಧ ಗಂಟೆಯೂ ಆದೀತು, ಮುಕ್ಕಾಲು ಗಂಟೆಯೂ ಆದೀತು. ಮಾತನ್ನು ನಂಬಿ ಇವಳು ಔಷಧಿಯನ್ನು ಇಳಿಸುತ್ತ ಬಂದರೆ ಹೊಲಿಗೆ ಮುಗಿಯುವ ಮೊದಲೇ ರೋಗಿ ಅಲುಗಾಡುತ್ತಾನೆ. ನಂಬದೆ ಇನ್ನಷ್ಟು ಕೊಟ್ಟಳೋ, ಅಂದೇ ಸರ್ಜನ್ ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಿ ಕೈಗವಸು ಬಿಚ್ಚಿ ನಿಂತಿರುತ್ತಾರೆ, ರೋಗಿ ಕಣ್ಣು ಬಿಡುವುದಿಲ್ಲ. ಹೀಗೆ ನಂಬಲೂ ಆಗದ, ಬಿಡಲೂ ಆಗದ ಆ ಮಾತಿನ ಮೇಲೆ ಅವಳ ದಿನಗಳೆಲ್ಲ ನಿಂತಿವೆ.

ಇಷ್ಟನ್ನು ಕೇಳಿ ನಾನು ಗಂಭೀರವಾಗಿ, ಹಾಗಾದರೆ ಇದು ನಗುವ ವಿಷಯವಲ್ಲವಲ್ಲ ಎಂದೆ.

"ಅಣ್ಣ, ಬಿಡಿಸಿ ಹೇಳಿದ್ರೆ ನಗು ಸತ್ತೋಗ್ತು. ಅದ್ಕೇ ಆನು ಹೇಳ್ತಿಲ್ಲೆ ಅಂದದ್ದು" ಎಂದಳು.

ಇನ್ನೊಂದನ್ನೂ ಅದೇ ದಿನ ಹೇಳಿದಳು. ಆಪರೇಷನ್ ಟೇಬಲ್ಲಿನ ಮೇಲೆ ರೋಗಿಯ ಎದೆಯ ಹತ್ತಿರ ಅಡ್ಡಡ್ಡ ಒಂದು ಹಸಿರು ಬಟ್ಟೆ ಕಟ್ಟಿರುತ್ತಾರೆ. ಆ ಕಡೆ ಸರ್ಜನ್, ಈ ಕಡೆ ತಲೆಯ ಹತ್ತಿರ ಅರಿವಳಿಕೆಯವರು. ನಮ್ಮ ದೇಹದಲ್ಲಿ ರಕ್ತದೊಳಗಿನ ಕಂಡಕಂಡದ್ದೆಲ್ಲ ಮಿದುಳಿಗೆ ನುಗ್ಗದ ಹಾಗೆ ಒಂದು ಸೂಕ್ಷ್ಮವಾದ ಬೇಲಿ ಇದೆಯಂತೆ. ಅದಕ್ಕೆ ಡಾಕ್ಟರುಗಳು 'ಬ್ಲಡ್ ಬ್ರೇನ್ ಬ್ಯಾರಿಯರ್' ಎನ್ನುತ್ತಾರೆ. ಅರಿವಳಿಕೆಯವರು ಆ ಹಸಿರು ಪರದೆಗೂ ಅದೇ ಹೆಸರಿಟ್ಟಿದ್ದಾರೆ. ಆ ಕಡೆ ಬರೀ ರಕ್ತ, ಮಿದುಳೆಲ್ಲ ಈ ಕಡೆ! ಇದನ್ನು ಹೇಳಿ ಭಾರತಿ ಸೋಫಾದ ಮೇಲೆ ಉರುಳಿದಳು. ನಾನು ಆ ಬೇಲಿ ಯಾವುದರಿಂದ ಆಗಿದೆ ಎಂದು ಕೇಳಿದೆ. ಆಮೇಲೆ ಅವಳು ನನಗೆ ಜೋಕು ಹೇಳುವುದನ್ನೇ ಬಿಟ್ಟಳು.

ಹಾಗೆಂದು ನನಗೆ ನಗಲು ಬರುವುದಿಲ್ಲವೆಂದಲ್ಲ. ನಾನು ಕಾನಸೂರು ಕಡೆಯ ಹೈಸ್ಕೂಲೊಂದರಲ್ಲಿ ಭೌತವಿಜ್ಞಾನದ ಮೇಷ್ಟ್ರು. ನಮ್ಮ ಸ್ಟಾಫ್ ರೂಮಿನಲ್ಲೂ ಒಂದು ಮಾತಿದೆ: 'ಕಿರಣ ಬಗ್ಗಿಸೋದು'. ಪೀನ ಮಸೂರದ ಮುಂದೆ ವಸ್ತು ಇಟ್ಟರೆ ಪ್ರತಿಬಿಂಬ ಎಲ್ಲಿ ಬೀಳುತ್ತದೆ, ಚಿತ್ರ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿರುತ್ತೇವೆ. ಮಕ್ಕಳು ಕಿರಣಗಳನ್ನು ನಿಯಮದಂತೆ ಎಳೆದು, ಅವು ಕೂಡಿದಲ್ಲಿ ಪ್ರತಿಬಿಂಬ ತೋರಿಸಬೇಕು. ಆದರೆ ಉತ್ತರ ಬಾಯಿಪಾಠ ಮಾಡಿದವರು ಮೊದಲು ಪ್ರತಿಬಿಂಬವನ್ನು ಬರೆದುಬಿಡುತ್ತಾರೆ. ಆಮೇಲೆ ಎಳೆದ ಕಿರಣ ಅಲ್ಲಿಗೆ ಹೋಗದಿದ್ದರೆ ದಾರಿಯಲ್ಲಿ ಮೆಲ್ಲಗೆ ಬಗ್ಗಿಸಿ ಕರೆದುಕೊಂಡು ಹೋಗಿ ಮುಟ್ಟಿಸುತ್ತಾರೆ. ಬೆಳಕನ್ನು ಕೈಹಿಡಿದು ರಸ್ತೆ ದಾಟಿಸಿದ ಹಾಗೆ. ಉತ್ತರಪತ್ರಿಕೆ ತಿದ್ದುತ್ತ ಕೂತವರಿಗೆ ಆ ಸಣ್ಣ ಬಾಗು ಕಂಡಾಗ ಆಗುವ ಸಂತೋಷವೇ ಬೇರೆ. ಈಗ ನಮ್ಮಲ್ಲಿ ಯಾರಾದರೂ ತಡವಾಗಿ ಬಂದು, ಬಸ್ಸು ಕೆಟ್ಟಿತ್ತು, ದಾರಿಯಲ್ಲಿ ಮರ ಬಿದ್ದಿತ್ತು, ಅದರ ಮೇಲೆ ನೆಂಟರೂ ಸಿಕ್ಕಿದರು ಎಂದು ಶುರುಮಾಡಿದರೆ, ಮೂಲೆಯಿಂದ ಗಣಿತದ ಮೇಷ್ಟ್ರು ತಲೆಯೆತ್ತದೆ, "ಕಿರಣ ಬಗ್ತಾ ಇದ್ದು" ಎನ್ನುತ್ತಾರೆ. ಸ್ಟಾಫ್ ರೂಮು ಹಾರಿಹೋಗುವಷ್ಟು ನಗು. ಹೊರಗೆ ಸಹಿಗಾಗಿ ಕಾಯುತ್ತಿದ್ದ ಪಾಲಕರು ಗಾಬರಿಯಾಗಿ ಒಳಗೆ ಇಣುಕುತ್ತಾರೆ. ಇದನ್ನು ಮನೆಯಲ್ಲಿ ಹೇಳಿ ನಾನೊಬ್ಬನೇ ನಕ್ಕದ್ದೂ ಇದೆ.

ಇದೆಲ್ಲ ನನಗೆ ತಂದೆಯಿಂದ ಬಂದ ಆಸ್ತಿ. ಅವರು ವಜ್ರಳ್ಳಿಯ ಹತ್ತಿರ ಪ್ರಾಥಮಿಕ ಶಾಲೆಯ ಮಾಸ್ತರು. ಶನಿವಾರ ಮಧ್ಯಾಹ್ನ ಸುತ್ತಲಿನ ಶಾಲೆಗಳ ಮಾಸ್ತರುಗಳು ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ಕಪ್ಪು ಕೊಡೆಗಳು ಸಾಲಾಗಿ ಗೋಡೆಗೆ ಒರಗಿರುತ್ತಿದ್ದವು, ಸೀಮೆಸುಣ್ಣದ ವಾಸನೆಗೆ ಎಲೆಯಡಿಕೆಯ ವಾಸನೆ ಸೇರಿರುತ್ತಿತ್ತು. ಒಂದು ಸಲ ಚಹಕ್ಕೆ ಹಾಲಿರಲಿಲ್ಲ. ಅಮ್ಮ ನನ್ನನ್ನು ಪಕ್ಕದ ಮನೆಗೆ ಓಡಿಸಿದಳು. ಅಲ್ಲೂ ಇರಲಿಲ್ಲ. ನಾನು ಖಾಲಿ ತಂಬಿಗೆ ಹಿಡಿದು ವಾಪಸು ಬಂದದ್ದನ್ನು ನೋಡಿ ಅಪ್ಪ, "ಪಕ್ಕದ ಮನೆಲೂ ಸೊನ್ನೆ" ಎಂದರು. ಮಾಸ್ತರುಗಳೆಲ್ಲ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸಾವಿರದಿಂದ ಏಳನ್ನು ಕಳೆಯುವ ಲೆಕ್ಕವನ್ನು ಸಣ್ಣ ಮಕ್ಕಳಿಗೆ ಹೇಳಿಕೊಟ್ಟವರಿಗೆ ಮಾತ್ರ ಆ ನಗು ಬರುತ್ತದೆ ಎಂದು ನನಗೆ ತಿಳಿದದ್ದು ನಾನೂ ಮೇಷ್ಟ್ರಾದ ಮೇಲೆ. ಬಿಡಿಸ್ಥಾನದಲ್ಲಿ ಸೊನ್ನೆ, ಪಕ್ಕದ ಮನೆಯಿಂದ ಕಡ ತಾ ಎಂದರೆ ಅಲ್ಲೂ ಸೊನ್ನೆ, ಅದರಾಚೆಯ ಮನೆಯಲ್ಲೂ ಸೊನ್ನೆ. ಮಗು ಅಲ್ಲೇ ನಿಂತು ಅಳಲು ಶುರುಮಾಡುತ್ತದೆ. ಆ ಅಳುವನ್ನು ವರ್ಷ ವರ್ಷವೂ ಸಂತೈಸಿದವರ ನಗು ಅದು. ಆಗ ನನಗೆ ಮಾತ್ರ ಅವರೆಲ್ಲ ನನ್ನನ್ನೇ ನೋಡಿ ನಗುತ್ತಿದ್ದಾರೆ ಎನ್ನಿಸಿ ಮುಖ ಊದಿಸಿಕೊಂಡೆ. ನಾಲ್ಕೈದು ವರ್ಷದ ಭಾರತಿ ಅಪ್ಪನ ತೊಡೆಯ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅವಳಿಗೂ ಏನೂ ಅರ್ಥವಾಗಿರಲಿಲ್ಲ. ನಗುವ ಕಡೆ ಸೇರಿಕೊಳ್ಳಬೇಕು ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಕಳೆದ ವರ್ಷ ನನಗೆ ಹರ್ನಿಯಾ ಆಯಿತು. ತೊಡೆಸಂದಿಯ ಹತ್ತಿರ ಒಂದು ಉಬ್ಬು, ಮಲಗಿದರೆ ಒಳಗೆ ಹೋಗುತ್ತದೆ, ನಿಂತು ಪಾಠ ಮಾಡಿದರೆ ಹೊರಗೆ ಬರುತ್ತದೆ. ವಿಜ್ಞಾನದ ಮೇಷ್ಟ್ರಾದ ನಾನು ಅದನ್ನು ಯಾರಿಗೂ ಹೇಳದೆ ಕೆಲವು ತಿಂಗಳು ವೀಕ್ಷಿಸಿದೆ. ಒಂದು ದಿನ ಅದು ಒಳಗೆ ಹೋಗಲು ಒಪ್ಪದೆ ನೋಯಿಸಿತು. ಭಾರತಿಯೇ ಎಳೆದುಕೊಂಡು ಹೋಗಿ ಸರ್ಜನ್ ಶಿವಾನಂದರಿಗೆ ತೋರಿಸಿದಳು. ಶಿವಾನಂದ ಹಾನಗಲ್ಲು ಕಡೆಯವರು, ದೊಡ್ಡ ದೇಹ, ಮೆತ್ತನೆಯ ಕೈ. "ಮಾಸ್ತರ, ಇದನ್ನ ಇಟಗೊಂಡು ಕೂಡಬ್ಯಾಡ್ರಿ. ಕರುಳು ಸಿಕ್ಕೊಂಡ್ರ ತ್ರಾಸ ಆಕ್ಕೈತಿ" ಎಂದರು.

ಭಾರತಿ ಮನೆಯವರಿಗೆ ಅರಿವಳಿಕೆ ಕೊಡುವುದಿಲ್ಲ. ಅದು ಅವರಲ್ಲಿ ಅನೇಕರು ಪಾಲಿಸುವ ಕ್ರಮ. ಆದರೆ ಊರಲ್ಲಿದ್ದ ಇನ್ನೊಬ್ಬ ಅರಿವಳಿಕೆ ಡಾಕ್ಟರು ಮಗಳ ಮದುವೆಗೆಂದು ರಜೆಯಲ್ಲಿದ್ದರು. ಕಾಯುವುದು ಬೇಡವೆಂದು ಸರ್ಜನ್ ಹೇಳಿದರು. ಭಾರತಿ ಒಂದು ದಿನ ಯೋಚಿಸಿ, ಆಯ್ತು ಎಂದಳು. ಆ ಒಂದು ದಿನ ಅವಳು ನಗಲಿಲ್ಲ ಎಂಬುದನ್ನು ಲತಾ ಗಮನಿಸಿದ್ದಳು, ನಾನು ಗಮನಿಸಿರಲಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಪೂರ್ತಿ ನಿದ್ದೆ ಬೇಡ, ಬೆನ್ನಿಗೆ ಇಂಜೆಕ್ಷನ್ ಸಾಕು, ಎಚ್ಚರವಾಗಿಯೇ ಇರುತ್ತಿ ಎಂದು ಭಾರತಿ ಮೊದಲೇ ಹೇಳಿದ್ದಳು. ಬೆಕ್ಕಿನ ಹಾಗೆ ಬೆನ್ನು ಬಗ್ಗಿಸಿ ಕೂರಿಸಿದರು. ಬೆನ್ನಿಗೆ ತಣ್ಣನೆಯ ಔಷಧಿ, ಆಮೇಲೆ ಇರುವೆ ಕಚ್ಚಿದಷ್ಟು ನೋವು. ಸ್ವಲ್ಪ ಹೊತ್ತಿಗೆ ಕಾಲು ಬೆಚ್ಚಗಾಯಿತು, ಭಾರವಾಯಿತು, ಕೊನೆಗೆ ನನ್ನದಲ್ಲವಾಯಿತು. ಭಾರತಿ ಸ್ಪಿರಿಟ್ಟಿನ ಹತ್ತಿಯಿಂದ ಕೆಳಗಿನಿಂದ ಮೇಲಕ್ಕೆ ಮುಟ್ಟುತ್ತ ತಣ್ಣಗೆ ಆಗ್ತಾ, ಈಗ ಆಗ್ತಾ ಎಂದು ಕೇಳುತ್ತ ಬಂದಳು. ಹೊಕ್ಕಳು ದಾಟಿದ ಮೇಲೆಯೇ ನನಗೆ ತಣ್ಣಗಾದದ್ದು. ಕೈಗೆ ಕಟ್ಟಿದ ಪಟ್ಟಿ ಆಗಾಗ ತಾನೇ ಉಬ್ಬಿ ರಕ್ತದೊತ್ತಡ ನೋಡುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಚಿಮಟದಂಥದೊಂದು ನನ್ನ ಎದೆಬಡಿತವನ್ನು ಕೋಣೆಗೆಲ್ಲ ಕೇಳುವ ಹಾಗೆ ಟಿಕ್ ಟಿಕ್ ಎನ್ನಿಸುತ್ತಿತ್ತು. ಆಮೇಲೆ ಹಸಿರು ಪರದೆ ಮೇಲೆದ್ದಿತು. ನನಗೆ ಕಾಣುತ್ತಿದ್ದದ್ದು ಆ ಬಟ್ಟೆ, ದೀಪದ ಒಂದು ಅಂಚು, ತಲೆಕೆಳಗಾಗಿ ಕಾಣುವ ನನ್ನ ತಂಗಿಯ ಮುಖ, ಅಷ್ಟೇ.

ಆಚೆಯಿಂದ ಶಿವಾನಂದರ ದನಿ ಬರುತ್ತಿತ್ತು. ಅವರೂ ಭಾರತಿಯೂ ಸಿಸ್ಟರೂ ಮಾತಾಡಿಕೊಳ್ಳುತ್ತಿದ್ದರು, ನಗುತ್ತಿದ್ದರು. ಯಾವುದೋ ಕತ್ತರಿಗೆ ಸಿಸ್ಟರು ಇಟ್ಟ ಅಡ್ಡಹೆಸರು, ಯಾರೋ ಹೊಸ ಡಾಕ್ಟರು 'ಇವತ್ತು ಕೆಲಸ ಕಡಿಮೆ' ಎಂದು ಬಾಯಿತಪ್ಪಿ ಹೇಳಿ ಇಡೀ ದಿನ ಎಲ್ಲರೂ ಅನ್ನ ಕಾಣದೆ ದುಡಿದದ್ದು, ಹೀಗೆ. ನನ್ನ ಹೊಟ್ಟೆ ಕೊಯ್ದಿಟ್ಟುಕೊಂಡು ಇವರು ಹರಟೆ ಹೊಡೆಯುತ್ತಿದ್ದಾರಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು. ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೂ ಸಹಿಸುವವನಲ್ಲ.

ಭಾರತಿ, ಇನ್ನೆಷ್ಟು ಹೊತ್ತು ಸರ್ ಎಂದು ಕೇಳಿದಳು.

"ಐದ ನಿಮಿಷರೀ ಮೇಡಂ."

"ಯಾವ ಊರಿನ ಗಡಿಯಾರದ್ದು ಸರ್?"

ಪರದೆಯ ಎರಡೂ ಕಡೆ ನಗು. ಆ ನಗು ಇನ್ನೂ ಮುಗಿದಿರಲಿಲ್ಲ, ನನಗೆ ಒಂದು ಆಕಳಿಕೆ ಬಂತು. ಅದರ ಹಿಂದೆಯೇ ಹೊಟ್ಟೆ ತೊಳಸಿದ ಹಾಗಾಯಿತು. ಹಣೆ ಬೆವರಿತು. ಟಿಕ್ ಟಿಕ್ ಎನ್ನುತ್ತಿದ್ದದ್ದು ಟಿಕ್ ಎಂದಿತು, ಸುಮ್ಮನಾಯಿತು, ಯೋಚಿಸಿ ಇನ್ನೊಮ್ಮೆ ಟಿಕ್ ಎಂದಿತು. ನನ್ನ ಎದೆಯದೇ ಸದ್ದು ಅದು ಎಂದು ಗೊತ್ತಿದ್ದೂ ದೂರದ ಮನೆಯ ಬಾಗಿಲು ಬಡಿದಂತೆ ಕೇಳಿಸುತ್ತಿತ್ತು.

"ಸರ್, ಎಳೀಬೇಡಿ. ಬಿಟ್ಬಿಡಿ."

"ಬಿಟ್ಟೇನ್ರೀ."

ಅಷ್ಟೇ ಮಾತು. ಅದರ ಅರ್ಥ ನನಗೆ ಆಮೇಲೆ ತಿಳಿಯಿತು. ಹರ್ನಿಯಾದ ಚೀಲವನ್ನು ಬಿಡಿಸಲು ಅವರು ಒಳಗಿನ ಪೊರೆಯನ್ನೂ ನರಗಳ ಹುರಿಯನ್ನೂ ಸ್ವಲ್ಪ ಎಳೆಯಬೇಕಾಗುತ್ತದೆ. ಕೆಲವರಲ್ಲಿ ಆ ಎಳೆತ ನರದ ದಾರಿಯಲ್ಲಿ ಹೋಗಿ ಹೃದಯಕ್ಕೆ ನಿಧಾನ ಮಾಡೆಂದು ಹೇಳಿಬಿಡುತ್ತದೆ. ಬೆನ್ನಿನ ಇಂಜೆಕ್ಷನ್ನೂ ರಕ್ತದೊತ್ತಡವನ್ನು ಇಳಿಸಿರುತ್ತದೆ, ಎರಡೂ ಸೇರಿಕೊಳ್ಳುತ್ತವೆ. ಯಾಕೆ, ಏನು ಎಂದು ಶಿವಾನಂದ ಕೇಳಲಿಲ್ಲ. ಅವಳ ಮಾತು ಮುಗಿಯುವ ಮೊದಲೇ ಅವರ ಕೈ ಬಿಟ್ಟಿತ್ತು. ಕೋಣೆಯಲ್ಲಿ ಅಂಥದೊಂದು ಮೌನ ಕವಿಯಿತು. ನಾನು ಎಷ್ಟೋ ವರ್ಷ ತರಗತಿಗಳಲ್ಲಿ ಮೌನಕ್ಕಾಗಿ ಕೂಗಿಕೊಂಡಿದ್ದೇನೆ, ಅಂಥ ಮೌನವನ್ನು ಎಂದೂ ಕೇಳಿಲ್ಲ. ಯಾರೂ ಓಡಲಿಲ್ಲ, ಯಾರೂ ದನಿಯೇರಿಸಲಿಲ್ಲ. ಭಾರತಿ ಅಟ್ರೋಪಿನ್ ಎಂದಷ್ಟೇ ಹೇಳಿದಳು. ಸಿರಿಂಜು ಮೊದಲೇ ತುಂಬಿ ಅವಳ ಕೈಯಳತೆಯಲ್ಲೇ ಇತ್ತು. ಕೈಯ ನಳಿಗೆಯಲ್ಲಿ ಔಷಧಿ ಹೋಯಿತು, ಮುಖಕ್ಕೆ ಆಮ್ಲಜನಕದ ಮುಖವಾಡ ಬಂತು, ನನ್ನದಲ್ಲದ ಕಾಲುಗಳನ್ನು ಯಾರೋ ಮೇಲೆತ್ತಿದರು.

ತಲೆಕೆಳಗಾದ ಆ ಮುಖ ನನ್ನ ಮೇಲೆ ಬಾಗಿತು. "ಕಣ್ಣು ಬಿಡಿ. ಉಸಿರು ಎಳ್ಕೊಳ್ಳಿ. ಹಾಂ, ಹಾಗೇ. ನಾನು ಇಲ್ಲೇ ಇದೀನಿ."

ಹುಟ್ಟಿದಂದಿನಿಂದ ನನ್ನನ್ನು ನೀನು ಎಂದವಳು. ಅಣ್ಣ ಎನ್ನಲಿಲ್ಲ. ಮನೆಯ ಮಾತೂ ಅಲ್ಲ. ಅವಳ ಕಣ್ಣು ನನ್ನ ಮೇಲಿತ್ತು, ಕಿವಿ ಮಾತ್ರ ಆ ಟಿಕ್ಕಿನ ಮೇಲಿತ್ತು. ಸಿದ್ದಾಪುರದ ಬಾಣಂತಿಗೆ, ಉಮ್ಮಚಗಿಯ ಅಜ್ಜಿಗೆ ಅವಳು ಏನಾಗಿದ್ದಳೋ ನನಗೂ ಅದೇ ಆಗಿದ್ದಳು. ಇಂಜೆಕ್ಷನ್ ಕೊಟ್ಟಾದ ಮೇಲೆ ಇವಳಿಗೆ ಅಲ್ಲಿ ಏನು ಕೆಲಸ ಎಂಬುದು ನನಗೆ ಆಗ ಕಂಡಿತು. ಅಪ್ಪನ ತೊಡೆಯ ಮೇಲೆ ಕೂತಿದ್ದ ಕೂಸು ಇವಳೇ ಎಂದು ನಂಬಲಾಗಲಿಲ್ಲ. ಭಯಕ್ಕಿಂತ ಹೆಚ್ಚಾಗಿ ನನಗೆ ಆದದ್ದು ಬೆರಗು. ದೊಡ್ಡ ಬೆಟ್ಟದ ಕೆಳಗೆ ಬಂದು ತಲೆಯೆತ್ತಿದವನ ಹಾಗೆ ಅವಳನ್ನೇ ನೋಡುತ್ತ ಮಲಗಿದ್ದೆ.

ಟಿಕ್ಕುಗಳು ಹತ್ತಿರ ಹತ್ತಿರ ಬಂದವು, ಆಮೇಲೆ ಓಡತೊಡಗಿದವು. ಬಾಯಿ ಒಣಗಿತು, ಅದು ಆ ಔಷಧಿಯ ಗುಣ. ಹೊಟ್ಟೆ ತೊಳಸುವುದು ನಿಂತಿತು. ಇಷ್ಟೂ ಹೊತ್ತು ಪರದೆಯಾಚೆ ಕೈ ಕಟ್ಟಿಕೊಂಡು ನಿಂತಿದ್ದ ಶಿವಾನಂದ, ಶುರು ಮಾಡಲೇ ಎಂದು ಕೇಳಿದರು. ಮಾಡಿ ಸರ್, ಮೆತ್ತಗೆ ಎಂದಳು. ಮತ್ತೆ ಸಲಕರಣೆಗಳ ಸಣ್ಣ ಸದ್ದು. ಎಲ್ಲರೂ ಆ ಟಿಕ್ ಟಿಕ್ಕನ್ನೇ ಕೇಳುತ್ತಿದ್ದರು, ನಾನೂ ಕೇಳುತ್ತಿದ್ದೆ. ಅದು ಹೆಜ್ಜೆ ತಪ್ಪದೆ ಬಹಳ ದೂರ ನಡೆದ ಮೇಲೆ ಶಿವಾನಂದರ ದನಿ ಬಂತು.

"ಹಂಗಾದ್ರ ಐದ ನಿಮಿಷರೀ ಮೇಡಂ."

ತಲೆಕೆಳಗಾದ ಮುಖ ಯಂತ್ರದ ಅಂಕಿಗಳತ್ತ ತಿರುಗಿತು. ಆಮೇಲೆ ಭಾರತಿ, "ಅರ್ಧ ಗಂಟೆ ಅಂತ ಇಟ್ಕೋತೀನಿ ಸರ್" ಎಂದಳು.

ಎಲ್ಲರೂ ನಕ್ಕರು. ಮುಖವಾಡದೊಳಗೆ ನಾನೂ ನಕ್ಕೆ. ಈ ಸಲ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಪ್ರಾಣಕ್ಕೇನೂ ಭಯವಿಲ್ಲ ಎಂಬುದನ್ನು ಇವರು ಹೇಳುವ ರೀತಿ ಇದೇ ಎಂದು ನನಗೆ ತನ್ನಷ್ಟಕ್ಕೇ ಗೊತ್ತಾಗಿತ್ತು. ಮೊದಲು ಅವರು ನಗುತ್ತಿದ್ದದ್ದು ಉಡಾಫೆಯಿಂದಲ್ಲ, ಎಲ್ಲ ಸರಿಯಿದ್ದದ್ದರಿಂದ. ಆ ನಗುವಿನ ಒಳಗೇ ಒಂದು ಕಿವಿ ಸದಾ ತೆರೆದುಕೊಂಡಿತ್ತು. ಇಲ್ಲದಿದ್ದರೆ ಒಂದು ಟಿಕ್ ತಡವಾದದ್ದಕ್ಕೆ ಮೂರು ಜನರ ನಗು ಒಟ್ಟಿಗೆ ನಿಲ್ಲುವುದು ಹೇಗೆ?

"ಮಾಸ್ತರ, ನೀವು ನಗಬ್ಯಾಡ್ರಿ. ಹೊಟ್ಟಿ ಅಲಗತೈತಿ, ಹೊಲಿಗಿ ಡೊಂಕ ಬೀಳತಾವು" ಎಂದರು ಶಿವಾನಂದ. ನನ್ನ ಆಯುಷ್ಯದಲ್ಲಿ ನಗಬೇಡಿರೆಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು.

ಮುಗಿಯಲು ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಲತಾಳನ್ನು ಸಿಸ್ಟರು, ಪೇಷಂಟಿನ ಕಡೆಯವರು ಯಾರು ಎಂದು ಕೂಗಿ ಕರೆದರಂತೆ. ಶಿವಾನಂದ ಬಂದು ಎರಡು ಮಾತು ಹೇಳಿ ಹೋದರಂತೆ. ನಡುವೆ ಏನಾಯಿತೆಂದು ಅವಳಿಗೆ ಆಗಲೇ ಹೇಳಿದ್ದರು, ಆದರೆ ಅದು ಮಳೆ ಬಂದು ಹೋಯಿತು ಎನ್ನುವಷ್ಟು ಸಾದಾ ದನಿಯಲ್ಲಿ ಇದ್ದದ್ದರಿಂದ ಅವಳು ಹೆದರಲೇ ಇಲ್ಲ.

ಹೊಲಿಗೆ ಒಣಗಿ ನಾನು ಮನೆಯಲ್ಲಿ ಓಡಾಡತೊಡಗಿದ ಮೇಲೆ ಒಂದು ಸಂಜೆ ಭಾರತಿ ಯಲ್ಲಾಪುರದಿಂದ ವಾಪಸು ಬರುತ್ತ ನಮ್ಮಲ್ಲಿ ಇಳಿದಳು. ಒಲೆಯ ಮೇಲೆ ಚಹವಿತ್ತು. ಅವತ್ತು ಅಷ್ಟು ತಣ್ಣಗೆ ಹೇಗಿದ್ದೆ ಮಾರಾಯ್ತಿ ಎಂದು ನಾನು ಕೇಳಿದೆ. ಒಳಗೆ ಇರುವಾಗ ಏನೂ ಅನ್ನಿಸಲಿಲ್ಲ ಎಂದಳು. ನನ್ನನ್ನು ವಾರ್ಡಿಗೆ ಕಳಿಸಿದ ಮೇಲೆ ಡಾಕ್ಟರುಗಳ ಕೋಣೆಗೆ ಹೋಗಿ ಕೂತಳಂತೆ. ನೀರಿನ ಬಾಟಲಿಯ ಮುಚ್ಚಳ ತೆರೆಯಲು ನೋಡಿದರೆ ಯಾವ ಕಡೆ ತಿರುವಬೇಕೆಂಬುದೇ ನೆನಪಾಗಲಿಲ್ಲವಂತೆ. ಹಾಗೇ ಮುಚ್ಚಿದ ಬಾಟಲಿ ಹಿಡಿದುಕೊಂಡು ಕೂತಿದ್ದಾಗ ಶಿವಾನಂದ ಬಂದರು. ಒಳಗೆ ಬರಲಿಲ್ಲ. ಹೊರಗೆ ಕಾಯುವವರ ಎದುರು ನಿಲ್ಲುವಂತೆ ಬಾಗಿಲಲ್ಲೇ ನಿಂತು, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಲತಾಳಿಗೆ ಹೇಳಿದ ಅದೇ ಸಾದಾ ದನಿಯಲ್ಲಿ ಕೇಳಿದರು:

"ಪೇಷಂಟಿನ ಕಡಿಯವರು ಯಾರ್ರೀ ಇಲ್ಲೆ?"

"ಅವ್ರ ಹತ್ರ ಯಾವತ್ತೂ ನಮ್ಮ ಮನೆ ಮಾತು ಆಡಿದ್ದಿಲ್ಲೆ ಅಣ್ಣ. ಅವತ್ತು ಬಾಯಿಂದ ಅದೇ ಬಂತು. 'ನಾನು' ಅನ್ನಲೆ ಹೋಗಿ 'ಆನು' ಅಂದೆ."

"ಆಪರೇಷನ್ ಛಲೋ ಆಗೈತ್ರಿ. ಹೆದರೂದೇನಿಲ್ಲ. ಸಂಜೀಮುಂದ ಗಂಜಿ ಕೊಡ್ರಿ" ಎಂದು ಹೇಳಿ, ಬಾಟಲಿ ಇಸಿದುಕೊಂಡು ಮುಚ್ಚಳ ತೆಗೆದುಕೊಟ್ಟು ಹೋದರಂತೆ.

ಇಷ್ಟನ್ನು ಹೇಳಿ ಭಾರತಿ ನಗತೊಡಗಿದಳು. ನೆನೆಸಿಕೊಂಡು ನೆನೆಸಿಕೊಂಡು ನಕ್ಕಳು. ಲತಾ ಚಹ ಸೋಸುತ್ತಿದ್ದವಳು ಕೈ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು.

"ಇದ್ರಲ್ಲಿ ನಗಲೆ ಎಂತ ಇದ್ದು? ನಂಗೂ ಹಾಂಗೇ ಹೇಳಿದ್ರು" ಎಂದಳು.

ರೂಢಿಯಂತೆ ನಾನು ಉತ್ತರ ಹೇಳಲು ಬಾಯಿ ತೆರೆದೆ. ಆ ಸಾಲನ್ನು ಶಿವಾನಂದ ಎಷ್ಟು ಜನರಿಗೆ ಹೇಳಿರಬಹುದು, ಅದನ್ನು ಆ ಬಾಗಿಲಿನ ಒಳಗಡೆಯವಳೊಬ್ಬಳು ಹೊರಗಿನವಳಾಗಿ ಕೇಳಿಸಿಕೊಳ್ಳುವುದೆಂದರೆ ಏನು, ಅಷ್ಟು ಹೊತ್ತು ಡಾಕ್ಟರಾಗಿಯೇ ಇರಬೇಕಾದವಳಿಗೆ ಇನ್ನು ತಂಗಿಯಾದರೆ ಅಡ್ಡಿಯಿಲ್ಲ ಎಂದು ಯಾವ ಭಾಷೆಯಲ್ಲಿ ಹೇಳಲು ಸಾಧ್ಯ, ಎಲ್ಲವನ್ನೂ ಹಲಗೆಯ ಮೇಲೆ ಬರೆದು ತೋರಿಸುವಷ್ಟು ಸ್ಪಷ್ಟವಾಗಿ ನನಗೆ ಹೊಳೆದಿತ್ತು. ಆದರೆ ಬಿಡಿಸಿ ಹೇಳದೆ, ಚಹದ ಲೋಟಗಳನ್ನು ಜೋಡಿಸತೊಡಗಿದೆ.

ಲತಾ ಇನ್ನೊಮ್ಮೆ ಕೇಳಲಿಲ್ಲ. ನಗುತ್ತಲೇ ಇದ್ದ ಭಾರತಿಯ ಕೆನ್ನೆ ಒದ್ದೆಯಾದದ್ದನ್ನು ನೋಡಿ, ಒಲೆ ಆರಿಸಿ ಬಂದು, ಅವಳ ಪಕ್ಕದಲ್ಲಿ ಕೂತಳು.